ಗೋಡೆಯ ಮೇಲಿನ ಕರಿ ಅಕ್ಕಿ

ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಅಕ್ಕಿ ನೋಡುವುದು ನನ್ನ ಕೆಲಸ. ನಗಬೇಡಿ, ಅದಕ್ಕೂ ಒಂದು ಕುರ್ಚಿ ಇದೆ, ಕುರ್ಚಿಯ ಪಕ್ಕ ಉತ್ತರದ ಬೆಳಕು ಬೀಳುವ ಕಿಟಕಿ ಇದೆ. ಚೀಲಗಳಿಂದ ಹಿಡಿ ಹಿಡಿ ಅಕ್ಕಿ ತಂದು ಕರಿ ತಗಡಿನ ತಟ್ಟೆಯಲ್ಲಿ ಹರವಿ, ನುಚ್ಚೆಷ್ಟು, ಹಳದಿ ಕಾಳೆಷ್ಟು, ಸುಣ್ಣದಂತೆ ಬಿಳಿಚಿದ ಕಾಳೆಷ್ಟು ಎಂದು ಎಣಿಸಬೇಕು. ನಲವತ್ತು ವರ್ಷ ಆ ಕುರ್ಚಿಯಲ್ಲಿ ಕೂತವರು ಚಾಚಾ. ನನಗೆ ಕೆಲಸ ಕಲಿಸಿದವರೂ ಅವರೇ. ದೀಪಾವಳಿಗೆ ಅವರು ಬಿಡುತ್ತಾರೆ, ಕುರ್ಚಿ ನಿನಗೆ ಎಂದು ಮಿಲ್ಲಿನ ಸಾವ್ಕಾರರು ಹೇಳಿಯಾಗಿತ್ತು. ಎರಡು ಕಣ್ಣು ಬಿಟ್ಟರೆ ಆ ಕೆಲಸಕ್ಕೆ ಬೇರೆ ಬಂಡವಾಳ ಬೇಕಿಲ್ಲ. ಆ ಬಂಡವಾಳಕ್ಕೆ ನಾನೇ ಕೈಯಾರೆ ಬೆಂಕಿ ಇಟ್ಟುಕೊಂಡೆ ಎಂದು ಆರು ತಿಂಗಳು ನಡುಗಿದೆ.

ಅದಕ್ಕೆ ಮೊದಲು ಒಂದು ಭಾನುವಾರ ಕಾಲೇಜಿನ ಗೆಳೆಯನೊಬ್ಬ ಆನೆಗೊಂದಿಯ ಕಡೆ ಕರೆದುಕೊಂಡು ಹೋಗಿದ್ದ. ಕೂದಲು ಬಿಟ್ಟು, ಮಣಿಸರ ಹಾಕಿ, ಎರಡು ವರ್ಷದಿಂದ ಜ್ಞಾನಿಯಾಗಿದ್ದ ಗೆಳೆಯ. ಅಂಚೆ ಚೀಟಿಗಿಂತ ಸಣ್ಣ ಕಾಗದದ ಚೂರೊಂದನ್ನು ನನ್ನ ಅಂಗೈಗೆ ಇಟ್ಟು, ಎಲ್‌ಎಸ್‌ಡಿ ಎಂದು ದೇವರ ಹೆಸರಿನಂತೆ ಉಚ್ಚರಿಸಿದ. ನಾನು ಬೇಡ ಎನ್ನಬೇಕಿತ್ತು. ಬೇಡ ಎಂದರೆ ಹಳ್ಳಿ ಗಮಾರ ಅನ್ನುತ್ತಾನೆ ಎಂದು ಹೆದರಿ ನಾಲಿಗೆಯ ಮೇಲಿಟ್ಟುಕೊಂಡೆ, ಅಷ್ಟೇ. ಆ ದಿನ ಬಂಡೆಗಳು ಉಸಿರಾಡಿದವು, ಬಾಳೆ ಎಲೆಯ ಗೀರುಗಳು ಹರಿದಾಡಿದವು, ಗೆಳೆಯ ಒಂದು ಕಲ್ಲಿಗೆ ಅರ್ಧ ಗಂಟೆ ಕ್ಷಮೆ ಕೇಳಿದ. ಮರುದಿನ ಎಲ್ಲ ಮಾಮೂಲಿಯಾಯಿತು. ನಾನು ಮಿಲ್ಲಿಗೆ ಬಂದು ನುಚ್ಚು ಎಣಿಸಿದೆ.

ಮೂರು ವಾರವಾದ ಮೇಲೆ ಗಂಗಾವತಿ ರಸ್ತೆಯಲ್ಲಿ ಹೋಗುತ್ತಿದ್ದ ಆಟೋವೊಂದಕ್ಕೆ ಬಾಲ ಬಂತು. ಆಟೋ ಮುಂದೆ ಹೋದರೂ ಅದರ ಹಳದಿ ಬಣ್ಣ ಒಂದು ಕ್ಷಣ ಹಿಂದೆಯೇ ಉಳಿಯಿತು. ಆಮೇಲೆ ಬೀಸಿದ ಕೈಗೂ ಬಾಲ, ಹಾರಿದ ಕಾಗೆಗೂ ಬಾಲ. ಆಕಾಶ ನೋಡಿದರೆ ಸಿಗ್ನಲ್ ಇಲ್ಲದ ಹಳೇ ಟೀವಿಯಂತೆ ಸಣ್ಣ ಚುಕ್ಕೆಗಳು ಗಿಜಿಗಿಜಿ. ಎಲ್ಲಕ್ಕಿಂತ ನನ್ನ ಜೀವ ಬಾಯಿಗೆ ಬಂದದ್ದು ಮಿಲ್ಲಿನಲ್ಲಿ. ತಟ್ಟೆಯಿಂದ ತಲೆ ಎತ್ತಿ ಸುಣ್ಣದ ಗೋಡೆ ನೋಡಿದರೆ ಅಲ್ಲಿ ಅಕ್ಕಿ ಕಾಳುಗಳು ಕಂಡವು. ಬೆಳ್ಳಗಲ್ಲ, ಕಪ್ಪಗೆ. ಹರವಿದ ಹಾಗೇ, ಒಂದೂ ಬಿಡದಂತೆ.

ಗೆಳೆಯನಿಗೆ ಫೋನ್ ಮಾಡಿದೆ. ಅವನು ಗಾಬರಿಯಾಗಲಿಲ್ಲ, ಜ್ಞಾನಿಗಳು ಗಾಬರಿಯಾಗುವುದಿಲ್ಲ.

"ಅದು ಮೈಯಿಂದ ಹೋಗಂಗಿಲ್ಲ ದೋಸ್ತ್. ಬೆನ್ನುಹುರಿಯಾಗ ಕುಂತಿರ್ತದ. ಕುತ್ತಿಗಿ ಲಟಕ್ ಅಂದ್ರ ಸಾಕು, ಒಂದ್ ಹನಿ ಮಿದುಳಿಗೆ ಹತ್ತಿತು. ಜೀವ ಇರೋತನಕ ಹಿಂಗ."

ಇದನ್ನು ನಾನು ನಂಬಿದೆ. ಪದವಿ ಓದಿದವನು, ಬಯಾಲಜಿಯಲ್ಲಿ ಪಾಸಾದವನು, ನಂಬಿದೆ. ನಮ್ಮ ಕಡೆ ಕಟಿಂಗ್ ಆದ ಮೇಲೆ ತಲೆ ತಟ್ಟಿ, ಗದ್ದ ಹಿಡಿದು, ಕುತ್ತಿಗೆಯನ್ನು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ಲಟಕ್ಕೆನಿಸಿ ಕಳಿಸುವುದು ಪದ್ಧತಿ. ಅದಿಲ್ಲದಿದ್ದರೆ ಕಟಿಂಗೇ ಆದಂತಲ್ಲ. ಕಟಿಂಗ್ ಅಂಗಡಿಯಣ್ಣ ನನ್ನ ಗದ್ದಕ್ಕೆ ಕೈ ಹಾಕಿದ್ದೇ ತಡ, ಅರ್ಧ ಕಟಿಂಗಿನಲ್ಲಿ ಬಟ್ಟೆ ಕಿತ್ತೆಸೆದು ಎದ್ದು ಬಂದೆ. ಆರು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಕೂದಲು ಹೆಗಲಿಗೆ ಬಂತು. ಕುತ್ತಿಗೆ ತಿರುಗಿಸದೆ ಇಡೀ ಮೈ ತಿರುಗಿಸಿ ನೋಡುವುದನ್ನು ರೂಢಿ ಮಾಡಿಕೊಂಡೆ. ಈಗ ನನ್ನನ್ನು ನೋಡಿದವರು ಗೆಳೆಯನಿಗಿಂತ ನಾನೇ ದೊಡ್ಡ ಜ್ಞಾನಿ ಅಂದುಕೊಳ್ಳುವಂತಿತ್ತು.

ಮಸ್ಕಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಅಕ್ಕನ ಗಂಡನಿಗೆ ಕಡೆಗೆ ವಿಷಯ ಹೇಳಿದೆ. ಮಾಮ ಎಲ್ಲ ರೋಗಕ್ಕೂ ಒಂದೇ ಕಾರಣ ಕಂಡುಹಿಡಿದ ಮನುಷ್ಯ. ನರ ವೀಕು ಎಂದು ಕೆಂಪು ಗುಳಿಗೆಯ ಡಬ್ಬಿ ಕೊಟ್ಟ. ತಿಂಗಳಾದರೂ ಆಟೋಗಳ ಬಾಲ ಉದುರದಿದ್ದಾಗ ನಿಜವಾಗಿಯೂ ಹೆದರಿ, "ಲಿಂಗಸುಗೂರು ಸರಕಾರಿ ದವಾಖಾನಿಗೆ ವಾರಕ್ಕೊಮ್ಮೆ ಮನಸಿನ ಡಾಕ್ಟರ್ ಬರ್ತಾರ, ಹೋಗು. ಸಿಂಧನೂರಾಗ ಬ್ಯಾಡ, ಮಂದಿ ನೋಡ್ತಾರ" ಅಂದ. ಅವನು ಜನ್ಮದಲ್ಲಿ ಕೊಟ್ಟ ಒಂದೇ ಸರಿಯಾದ ಸಲಹೆಯ ಬಾಲಕ್ಕೂ ಹೀಗೊಂದು ನಾಚಿಕೆ ಅಂಟಿತ್ತು.

ಮಂದಿಯ ಕಣ್ಣು ತಪ್ಪಿಸಲು ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋದೆ. ಆರನೇ ನಂಬರ್ ಕೋಣೆಯ ಮುಂದೆ, ಸಾಲಿನ ಮೊದಲ ಬೆಂಚಿನಲ್ಲಿ, ಚಾಚಾ ಕೂತಿದ್ದರು. ಪಕ್ಕದಲ್ಲಿ ಚಾಚಿ. ಚಾಚಿಗೆ ನಿದ್ದೆ ಬರುವುದಿಲ್ಲ, ಎರಡು ವರ್ಷದಿಂದ ಇಲ್ಲಿಯದೇ ಗುಳಿಗೆ. ಅವರೂ ಸಿಂಧನೂರಿನ ಕಣ್ಣು ತಪ್ಪಿಸಿಯೇ ಬಂದವರು. ಇಬ್ಬರೂ ಸ್ವಲ್ಪ ಹೊತ್ತು ಗೋಡೆಯ ಮೇಲಿನ ಕ್ಷಯರೋಗದ ಪೋಸ್ಟರನ್ನು ಬಹಳ ಆಸಕ್ತಿಯಿಂದ ಓದಿದೆವು.

ಡಾಕ್ಟರಮ್ಮ ಕಲಬುರಗಿ ಕಡೆಯವರು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ತಲೆಗೆ ಪೆಟ್ಟು ಬಿದ್ದಿತ್ತೇ, ಅರೆತಲೆನೋವು ಇದೆಯೇ, ಫಿಟ್ಸ್ ಬಂದಿತ್ತೇ, ಗಾಂಜಾ ಸೇದುತ್ತೀರಾ, ನಿದ್ದೆ ಹೇಗೆ ಎಂದೆಲ್ಲ ಕೇಳಿ ಬರೆದುಕೊಂಡರು. ಕೆಳಗಿನ ಕಣ್ಣಿನ ವಿಭಾಗಕ್ಕೆ ಕಳಿಸಿ ಕಣ್ಣು ನೋಡಿಸಿದರು, ಕಣ್ಣು ಸರಿ ಇತ್ತು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು.

"ಆ ಬಾಲ ಖರೇನ ಐತಿ ಅನಸ್ತದೋ, ಇಲ್ಲಾ ಕಣ್ಣಿನ ಆಟ ಅಂತ ಗೊತ್ತೈತೋ?"

"ಆಟ ಅಂತ ಗೊತ್ತೈತ್ರಿ. ಹುಚ್ಚ ಆಗೀನಿ ಅಂತ ಅಂಜಿಕಿ."

"ಗೊತ್ತಿದ್ರ ಅರ್ಧ ಅಂಜಿಕಿ ಇಲ್ಲೇ ಬಿಡ್ರಿ. ಇದರಾಗ ಎರಡು ಥರ ಅದಾವ. ಒಂದು, ಅವತ್ತಿನ ಅನುಭವದ ತುಣುಕು ಥಟ್ಟನ ವಾಪಸ್ ಬರ್ತದ, ಜರಾ ಹೊತ್ತು ಇದ್ದು ಹೋಗ್ತದ. ಅದಕ್ಕ ಫ್ಲ್ಯಾಶ್‌ಬ್ಯಾಕ್ ಅಂತಾರ. ಇನ್ನೊಂದರಾಗ ಈ ಬಾಲ, ಚುಕ್ಕಿ ಹಂಗ ನಿಲ್ತಾವ, ತಿಂಗಳಗಟ್ಲೆ, ಕೆಲವರಿಗೆ ವರ್ಷಗಟ್ಲೆ. ನಿಮ್ಮದು ಈ ಎರಡನೇದು, ಹಗುರಾದದ್ದು."

"ಎಷ್ಟ್ ಮಂದಿಗೆ ಬರ್ತದ್ರಿ?"

"ತೊಗೊಂಡವರಾಗ ಭಾಳ ಕಮ್ಮಿ ಮಂದಿಗೆ. ನಿಖರ ಲೆಕ್ಕ ಯಾರ ಕಡೆನೂ ಇಲ್ಲ. ಯಾರಿಗೆ ಬರ್ತದಂತ ಮೊದ್ಲ ಹೇಳಾಕೂ ಆಗಂಗಿಲ್ಲ, ಒಮ್ಮೆ ತೊಗೊಂಡವರಿಗೂ ಬಂದೈತಿ. ಈ ಕೋಣ್ಯಾಗ ನಾ ನೋಡಿದವರಾಗ ನೀವ ಮೊದಲನೇದವ್ರು."

ಸತ್ಯ ಹೇಳಬೇಕೆಂದರೆ ಆಗ ನನಗೆ ಒಂದು ಚೂರು ಹೆಮ್ಮೆಯಾಯಿತು. ಮೂರು ತಾಲೂಕಿಗೆ ಒಬ್ಬನೇ. ಶಾಲೆಯಲ್ಲೂ ನಾನು ಎಂದೂ ಮೊದಲನೆಯವನಾಗಿರಲಿಲ್ಲ.

ಬೆನ್ನುಹುರಿಯ ಮಾತೆತ್ತಿದೆ. ಡಾಕ್ಟರಮ್ಮ ಆ ದಿನ ಮೊದಲ ಸಲ ನಕ್ಕರು. "ಆ ಔಷಧ ಒಂದೆರಡು ದಿನದಾಗ ಮೈಬಿಟ್ಟು ಹೋಗ್ತದ. ಎಲ್ಲೂ ಕುಂದ್ರಂಗಿಲ್ಲ. ಮಿದುಳು ನೋಡೋ ರೀತಿಯೊಳಗ ಏನೋ ಫರಕ್ ಉಳಿತದ. ಅದು ಏನಂತ ಇನ್ನೂ ಪೂರಾ ಗೊತ್ತಾಗಿಲ್ಲ." ನನ್ನ ಕೂದಲನ್ನು ನೋಡಿ, "ಕಟಿಂಗ್ ಮಾಡಸ್ರಿ. ಆದ್ರ ಕುತ್ತಿಗಿ ಮುರಿಸ್ಕೋಬ್ಯಾಡ್ರಿ, ಅದು ಬ್ಯಾರೆ ಕಾರಣಕ್ಕ ಕೆಟ್ಟದ್ದು" ಅಂದರು.

ಕೊನೆಗೆ ಕರಿ ಅಕ್ಕಿಯ ಮಾತು ಬಂತು. ಅವರು ಕೈ ಕಟ್ಟಿ ಕೂತು ಪೂರ್ತಿ ಕೇಳಿದರು. "ನಿಮ್ಮ ಕೆಲಸ ಮಾಡೋವ್ರು ಮತ್ಯಾರರ ಅದಾರೇನು? ಅವರನ್ನೊಮ್ಮೆ ಕೇಳಿದ್ರೇನು?"

ಕೇಳಿರಲಿಲ್ಲ. ಆರು ತಿಂಗಳು ಚಾಚಾನ ಪಕ್ಕದಲ್ಲಿ ಕೂತು, ಅದೇ ತಟ್ಟೆ, ಅದೇ ಗೋಡೆ ನೋಡುತ್ತ, ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಕುರ್ಚಿ ಹೋಗುತ್ತದೆ ಎಂಬ ಭಯ. ಹೊರಗೆ ಬಂದು, ಚಾಚಿಯ ಗುಳಿಗೆ ಚೀಟಿ ಹಿಡಿದು ನಿಂತಿದ್ದ ಚಾಚಾನನ್ನು ಕೇಳಿದೆ.

"ಚಾಚಾ, ತಟ್ಟಿ ನೋಡಿ ಗ್ವಾಡಿ ನೋಡಿದ್ರ ಏನರ ಕಾಣ್ತದೇನು?"

"ಅಕ್ಕಿ ಕಾಣ್ತದ. ಕರೇದು. ನಲವತ್ತು ವರ್ಷ ಆತು, ದಿನಾ ಕಾಣ್ತದ. ಹತ್ತು ಎಣಸೂದ್ರಾಗ ಹೋಗ್ತದ. ಯಾಕ, ನಿನಗ ಇವತ್ತ ಕಾಣಾಕತ್ತೈತೇನು?"

"ಕಾಗಿಗೆ ಬಾಲ?"

"ಕಾಗಿಗೆ ಬಾಲ ಇರ್ತದಲ್ಲೋ."

"ಹಾರಿದ ಮ್ಯಾಲೂ ಹಿಂದ ಉಳಿಯೂ ಬಾಲ."

ಚಾಚಾ ಈಗ ನನ್ನ ಮುಖ ನೋಡಿದರು. ಅದು ಇಲ್ಲ ಎಂದರು. ಎಲ್ಲ ಹೇಳಿದೆ, ಆನೆಗೊಂದಿಯಿಂದ ಹಿಡಿದು. ಅವರು ಬೈದರು. ಎರಡು ಭಾಷೆಯಲ್ಲಿ, ಚಾಚಿ ಸುಮ್ಮನಿರಿ ಎನ್ನುವವರೆಗೂ ಬೈದರು. ಆ ಬೈಗುಳದಿಂದ ನನಗೆ ಸಿಕ್ಕ ಸಮಾಧಾನ ಕೆಂಪು ಗುಳಿಗೆಯ ಇಡೀ ಡಬ್ಬಿಯಿಂದಲೂ ಸಿಕ್ಕಿರಲಿಲ್ಲ.

ಮತ್ತೆ ಒಳಗೆ ಹೋದಾಗ ಡಾಕ್ಟರಮ್ಮ ಬಿಡಿಸಿ ಹೇಳಿದರು. ಕಪ್ಪಿನ ಮೇಲಿನ ಬಿಳಿಯನ್ನು ದಿಟ್ಟಿಸಿ ಗೋಡೆ ನೋಡಿದರೆ ಎಲ್ಲ ಕಣ್ಣಿಗೂ ಹಾಗೇ ಕಾಣುತ್ತದೆ. ನನಗೆ ಬಹುಶಃ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿರಬಹುದು. ಭಯದಿಂದ ದಿನಕ್ಕೆ ನೂರು ಸಲ ಗೋಡೆ ನೋಡಿದ್ದರಿಂದ ಇನ್ನೂ ಹೆಚ್ಚಾಗಿತ್ತು. ಗುಳಿಗೆಗಳು ಇವೆ, ಕೆಲವರಿಗೆ ಹತ್ತುತ್ತವೆ, ಕೆಲವರಿಗೆ ಹತ್ತುವುದಿಲ್ಲ, ಒಂದೊಂದು ಗುಳಿಗೆಯಿಂದ ಹೆಚ್ಚಾಗುವುದೂ ಉಂಟು. ಸದ್ಯಕ್ಕೆ ಬೇಡ. ಅಂಥದ್ದನ್ನು ಮತ್ತೆ ಮುಟ್ಟಬೇಡಿ, ಗಾಂಜಾದ ಹತ್ತಿರವೂ ಹೋಗಬೇಡಿ, ನಿದ್ದೆ ಮಾಡಿ, ತಿಂಗಳಿಗೊಮ್ಮೆ ಬನ್ನಿ. ಬಹಳ ಮಂದಿಗೆ ನಿಧಾನವಾಗಿ ಮಸುಕಾಗುತ್ತದೆ, ಆದರೆ ಮಾತು ಕೊಡಲಾರೆ ಎಂದರು.

ಮರುದಿನ ಚಾಚಾ ನನ್ನ ಮುಂದೆ ಐದು ತಟ್ಟೆ ಇಟ್ಟರು. ಒಂದೊಂದನ್ನೂ ಮೊದಲು ತಾವು ಎಣಿಸಿ, ಚೀಟಿ ಬರೆದು ಮಡಚಿ ಇಟ್ಟಿದ್ದರು. ನಾನು ಎಣಿಸಿದೆ. ಕಾಳುಗಳು ಕದಲದೆ ಬಿದ್ದಿದ್ದವು, ಕದಲದ ವಸ್ತುವಿಗೆ ಬಾಲ ಇರುವುದಿಲ್ಲ ಎಂದು ಆಗಲೇ ನನಗೆ ಹೊಳೆದದ್ದು. ನಾಲ್ಕು ತಟ್ಟೆ ಸರಿಯಾಗಿ ಕೂಡಿದವು. ಐದನೆಯದರಲ್ಲಿ ಒಂದು ನುಚ್ಚು ವ್ಯತ್ಯಾಸ. ಮತ್ತೆ ಎಣಿಸಿದರೆ ತಪ್ಪು ಚಾಚಾನದು. ಅವರು ಚೀಟಿ ಹರಿದು ಹಾಕಿದರು. ದೀಪಾವಳಿಗೆ ಕುರ್ಚಿ ನನಗೆ ಬಂತು.

ಒಂದು ದಿನ ಸಾವ್ಕಾರರು ನನ್ನ ಕಿಟಕಿಯ ಬಳಿ ಚಹಾ ಕುಡಿಯುತ್ತ ಶುರುಮಾಡಿದರು. ನಮ್ಮ ಕಡೆಯ ಯಾವನೋ ಹುಡುಗ ಕಾಗದ ನೆಕ್ಕಿ ಹುಚ್ಚನಾಗಿದ್ದಾನಂತೆ. ಮಸ್ಕಿಯಲ್ಲಿ ಕೇಳಿದ್ದರು, ಸಿಂಧನೂರಿನ ಪಕ್ಕದ ಆರ್.ಎಚ್. ಕ್ಯಾಂಪಿನಲ್ಲೂ ಕೇಳಿದ್ದರು. ಅವನ ಬೆನ್ನುಹುರಿಯಲ್ಲಿ ವಿಷ ಕೂತಿದೆಯಂತೆ, ಕಟಿಂಗ್ ಅಂಗಡಿಯಲ್ಲಿ ಎದ್ದು ಕೂಗಾಡಿದನಂತೆ, ಮನೆಯವರು ಸರಪಳಿ ಹಾಕಿದ್ದಾರಂತೆ. ಅಂಥದ್ದು ತಿಂದವರೆಲ್ಲ ಹಾಗೇ ಆಗುತ್ತಾರಂತೆ. ಗೆಳೆಯ ಒಬ್ಬನಿಗೆ ಹೇಳಿದ್ದು, ಮಾಮ ಅಂಗಡಿಗೆ ಬಂದವರಿಗೆಲ್ಲ ಹಂಚಿದ್ದು, ಎರಡೂ ಕೂಡಿ ಊರೂರು ಸುತ್ತಿ ನನ್ನ ಕಿಟಕಿಗೇ ಬಂದಿತ್ತು. ಇಷ್ಟು ಅಪರೂಪದ ಕಾಯಿಲೆಯವನೊಬ್ಬ ಎಲ್ಲರಿಗೂ ಗೊತ್ತು, ಎಲ್ಲರಿಗೂ ಗೊತ್ತಿರುವ ಆ ಒಬ್ಬ ನಾನೇ.

ಸುಮ್ಮನಿರಬಹುದಿತ್ತು. ಆದರೆ ಸರಪಳಿ ನನ್ನನ್ನು ಕೆರಳಿಸಿತು.

"ಸಾವ್ಕಾರ್ರ, ಅವ ನಾನ ರೀ."

ಸಾವ್ಕಾರರು ನನ್ನ ಕಟಿಂಗ್ ಆದ ತಲೆ ನೋಡಿದರು, ತಟ್ಟೆ ನೋಡಿದರು. ನಾನು ಬರೆದ ಚೀಟಿ ಎತ್ತಿಕೊಂಡು, ಅದರ ಮೇಲಿನ ಅಂಕಿಯನ್ನು ಹೊರಗಿನ ಲಾರಿಯವನಿಗೆ ಕೂಗಿ ಹೇಳಿದರು. ಆಮೇಲೆ ನಕ್ಕರು.

"ಚಾಷ್ಟಿ ಮಾಡಬ್ಯಾಡ. ಹುಚ್ಚ ಆದವ ನುಚ್ಚು ಎಣಸ್ತಾನೇನು?"

ಈಗ ಅವರು ಆ ಕಥೆ ಹೇಳುವಾಗ ಕೊನೆಗೆ ನನ್ನನ್ನು ತೋರಿಸಿ, ನಮ್ಮ ಹುಡುಗ ಭಾರಿ ಮಸ್ಕಿರಿ, ಅವ ನಾನೇ ಅಂದಿದ್ದ ಎಂದು ಸೇರಿಸುತ್ತಾರೆ. ಬಂದವರು ನಗುತ್ತಾರೆ, ನಾನೂ ನಗುತ್ತೇನೆ. ಚುಕ್ಕೆಗಳು ಮಸುಕಾಗಿವೆ, ಹೋಗಿಲ್ಲ. ತಿಂಗಳಿಗೊಮ್ಮೆ ಲಿಂಗಸುಗೂರಿಗೆ ಹೋಗಿ ಬರುತ್ತೇನೆ, ರಜಾ ಚೀಟಿಯಲ್ಲಿ ಕಾರಣವನ್ನೂ ಇದ್ದದ್ದು ಇದ್ದ ಹಾಗೇ ಬರೆಯುತ್ತೇನೆ. ಸಾವ್ಕಾರರು ಅದನ್ನೂ ಓದಿ ನಕ್ಕು ಸಹಿ ಹಾಕುತ್ತಾರೆ.