ಒಂದೂವರೆ ಇಂಚಿನ ಮಾರ್ಜಿನ್

ನನ್ನ ಬ್ಲೌಸ್ ಹೊಲಿಯುವ ಹುಡುಗಿ ಬುಟಿಕ್ ತೆರೆಯುತ್ತೇನೆ ಎಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಮುಂಬೈಯ ಸಯನ್‌ನಲ್ಲಿ ನಮ್ಮ ಬಿಲ್ಡಿಂಗ್ ಹಿಂದಿನ ಚಾಳಿನ ಒಂದು ಕೋಣೆಯಲ್ಲಿ ಅವಳ ಮನೆ, ಮನೆಯಲ್ಲೇ ಮಷೀನು. ವಿಜಯಪುರದ ಕಡೆಯವರು, ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು. ದೊಡ್ಡ ಅಂಗಡಿಯವಳಾದ ಮೇಲೆ ನನ್ನಂಥವಳ ಕೈಗೆ ಸಿಗುತ್ತಾಳೆಯೇ ಎನ್ನುವುದೇ ನನ್ನ ಚಿಂತೆ. ಆದರೂ "ಆಂಟಿ, ನೀವೂ ಬರ್ರಿ, ಒಬ್ಬಾಕಿಗೆ ಹೆದರಿಕಿ ಆಗ್ತದ" ಎಂದು ಕರೆದಾಗ ಸೀರೆಯುಟ್ಟು ಹೊರಟೆ. ಅವಳನ್ನು ಕಂಡರೆ ನನಗೆ ಅಷ್ಟು ಅಕ್ಕರೆ. ಬಿಗಿಯಾದ ಹಳೆಯ ಬ್ಲೌಸು ಸಡಿಲ ಮಾಡಿಕೊಟ್ಟದ್ದಕ್ಕೆ ಅವಳು ನನ್ನಿಂದ ಒಂದು ದಿನವೂ ದುಡ್ಡು ಮುಟ್ಟಿದವಳಲ್ಲ.

ಹೋದದ್ದು ಬಾಂದ್ರಾದ ಒಂದು ಆಫೀಸಿಗೆ. ಮುಂಬೈಯ ಕನ್ನಡದ ಹೆಂಗಸರು ಮೂವರು ಸೇರಿ ಹೊಸ ವ್ಯಾಪಾರಗಳಿಗೆ ಬಂಡವಾಳ ಹಾಕುತ್ತಿದ್ದರು. ಹಿರಿಯಳು ಮಂಗಳೂರಿನ ಕಡೆಯವಳು, ಹೋಟೆಲ್ ನಡೆಸಿ ಪಳಗಿದವಳು. ಇವಳು ನೋಡಿಟ್ಟಿದ್ದ ಅಂಗಡಿಯ ಮಾಲೀಕ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದ. ಇವರು ಒಪ್ಪದಿದ್ದರೆ ಅಂಗಡಿ ಕೈತಪ್ಪಿದಂತೆಯೇ.

ಇವಳು ಎದ್ದು ನಿಂತು ಒಂದೇ ಉಸಿರಿಗೆ ಹೇಳಿದಳು: "ನಮಸ್ಕಾರ್ರಿ. ಹೆಣ್ಮಕ್ಕಳು ಸೀರಿ ತೊಗೋತಾರ, ಮ್ಯಾಚಿಂಗ್ ಬಟ್ಟಿಗೆ ಮಾರ್ಕೆಟ್ ತಿರಗ್ತಾರ, ಆಮ್ಯಾಲೆ ನನ್ನ ಕಡೆ ಬಂದು ಹದಿನೈದು ದಿವ್ಸ ಕಾಯ್ತಾರ. ನನ್ನ ಬುಟಿಕ್‌ನಾಗ ಬ್ಲೌಸ್ ರೆಡಿ ಇರ್ತಾವ್ರಿ. ಮುಂಜಾನೆ ಬಂದು ಹಾಕ್ಕೊಂಡು ನೋಡಿದ್ರ ಸಂಜಿಗೆ ಫಿಟಿಂಗ್ ಮಾಡಿ ಕೊಡ್ತೀನಿ. ಜಾಗಾದ ಡಿಪಾಸಿಟ್, ಎರಡು ಮಷೀನ್, ಅಂಚು ಹೊಲಿಯೋದಕ್ಕ ಒಂದು ಓವರ್‌ಲಾಕ್, ಮೊದಲಿನ ಮಾಲು, ಎಲ್ಲಾ ಸೇರಿ ಆರು ಲಾಖ್ ಬೇಕ್ರಿ. ಬದ್ಲಿಗೆ ನಾಲ್ಕಾಣೆ ಪಾಲು ಕೊಡ್ತೀನಿ. ಕೆಲಸಾ ನಂದು, ಹೆಸರೂ ನಂದು."

ಇಷ್ಟು ಚೆನ್ನಾಗಿ ಹೇಳುತ್ತಾಳೆಂದು ನನಗೇ ಗೊತ್ತಿರಲಿಲ್ಲ.

"ಮಾರ್ಜಿನ್ ಎಷ್ಟುಂಟು?" ಎಂದಳು ಹಿರಿಯಳು.

"ಒಂದೂವರೆ ಇಂಚ್ ರಿ. ಎರಡೂ ಬಾಜು."

ಉಳಿದಿಬ್ಬರು ನಕ್ಕುಬಿಟ್ಟರು. ನನಗೂ ನಗು ಬಂತು, ತಡೆದುಕೊಂಡೆ. ಅವರು ಕೇಳಿದ್ದು ಲಾಭ. ಇವಳು ಹೇಳಿದ್ದು ಬ್ಲೌಸಿನ ಒಳಗೆ ಪಕ್ಕದ ಹೊಲಿಗೆಯಿಂದಾಚೆ ಬಿಡುವ ಬಟ್ಟೆ. ಮೈ ತುಂಬಿಕೊಂಡಾಗ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳಲು ಇರುವುದು ಅದೇ. ಟೇಲರ್‌ಗಳ ಬಾಯಲ್ಲಿ ಮಾರ್ಜಿನ್ ಎಂದರೆ ಅದೊಂದೇ. ತನ್ನ ತಪ್ಪು ಗೊತ್ತಾದಾಗ ಅವಳ ಮುಖ ಕೆಂಪಾಯಿತು. ಬಟ್ಟೆ, ಲೈನಿಂಗ್, ಕರೆಂಟು, ಬಾಡಿಗೆ ಎಲ್ಲ ಕಳೆದು ಒಂದು ಬ್ಲೌಸಿಗೆ ಉಳಿಯುವುದೆಷ್ಟು ಎಂದು ತಡವರಿಸುತ್ತ ಹೇಳಿದಳು. ಹೆಚ್ಚೇನೂ ಉಳಿಯುತ್ತಿರಲಿಲ್ಲ.

ನಕ್ಕವರಲ್ಲಿ ಒಬ್ಬಳು, "ಹಾಗಾದರೆ ಒಳಗೆ ಅರ್ಧ ಇಂಚು ಬಿಡಿ ಸಾಕು. ನೂರಾರು ಬ್ಲೌಸಿಗೆ ಎಷ್ಟು ಬಟ್ಟೆ ಉಳಿಯುತ್ತೆ ನೋಡಿ," ಎಂದಳು. ಅವಳದೂ ತಪ್ಪು ಲೆಕ್ಕವಲ್ಲ.

"ಅದ ಆಗಂಗಿಲ್ರಿ ಮ್ಯಾಡಮ್," ಎಂದಳು ಇವಳು. "ಬಾಣಂತನ ಆದ ಮ್ಯಾಲೆ ಯಾರಿಗೆ ಹಳೇ ಬ್ಲೌಸ್ ಬರ್ತದ? ಒಳಗ ಬಟ್ಟಿ ಇಲ್ಲಂದ್ರ ಚಲೋ ಬ್ಲೌಸ್ ದಂಡ ಆಗ್ತದ. ನಾ ಹಂಗ ಹೊಲಿಯಂಗಿಲ್ಲ."

ಹೊರಗೆ ಎಳೆದುಕೊಂಡು ಹೋಗಿ ಬೈಯಬೇಕೆನ್ನಿಸಿತು ನನಗೆ. ದುಡ್ಡು ಕೇಳಲು ಬಂದವಳಿಗೆ ಇಷ್ಟು ಹಟವೇ? ಅದೇ ಹೊತ್ತಿಗೆ ಅವಳ ಬಗ್ಗೆ ಹೆಮ್ಮೆಯೂ ಆಯಿತು.

ಹಿರಿಯಳು ಕನ್ನಡಕ ತೆಗೆದಿಟ್ಟಳು. "ಇಲ್ಲಿ ಕೇಳು ಮಾರಾಯ್ತಿ. ಒಳಗೆ ಅಷ್ಟು ಬಟ್ಟೆ ಉಂಟು ಅಂತಾದ್ರೆ ಮೂವತ್ತಾರರ ಬ್ಲೌಸು ಬಿಚ್ಚಿದ್ರೆ ಮೂವತ್ತೆಂಟಕ್ಕೂ ಆಗ್ತದಲ್ಲ?"

"ಆಗ್ತದರಿ."

"ಹಾಗಾದ್ರೆ ಎಲ್ಲ ಸೈಜಿನ ಮಾಲು ತುಂಬಿಸಿ ಇಡುವ ಅಗತ್ಯ ಇಲ್ಲ. ಮಾರದೆ ಕೂರುವ ಮಾಲು ಕಡಿಮೆ. ಭಾಷಣದಲ್ಲಿ ಇದನ್ನು ಯಾಕೆ ಹೇಳ್ಲಿಲ್ಲ?"

"ಅದೇನ್ ಹೇಳೋದ್ರಿ, ಎಲ್ಲಾ ಟೇಲರ್ ಹಂಗ ಮಾಡ್ತಾರ," ಎಂದಳು ಇವಳು, ಬೆಪ್ಪಾಗಿ.

ಮೂವರೂ ಪಕ್ಕದ ಕೋಣೆಗೆ ಹೋಗಿ ಮಾತಾಡಿಕೊಂಡು ಬಂದರು. ಹಣ ಹಾಕಲು ಒಪ್ಪಿಗೆಯಿತ್ತು. ಒಬ್ಬಳದೇ ಹೆಸರಿನ ಅಂಗಡಿಯಲ್ಲಿ ಪಾಲು ಕೊಡಲು ಬರುವುದಿಲ್ಲ, ಮೊದಲು ಪಾರ್ಟ್ನರ್‌ಶಿಪ್ ಪತ್ರ ಮಾಡಿಸಬೇಕು ಎಂದರು. ಒಂದೂವರೆ ಇಂಚು ಹಾಗೇ ಇರಲಿ ಎಂದರು. ಆದರೆ ಮಾರಿದ ದಿನದ ಫಿಟಿಂಗ್ ಮಾತ್ರ ಪುಕ್ಕಟೆ. ಆಮೇಲೆ ಯಾರು ಬಿಚ್ಚಿಸಲು ಬಂದರೂ ಹಣ ತೆಗೆದುಕೊಳ್ಳಬೇಕು. ಹಳೆಯ ಗಿರಾಕಿ, ಅಕ್ಕಪಕ್ಕದವರು ಎಂದು ಯಾರನ್ನೂ ಬಿಡುವಂತಿಲ್ಲ. ಇದಕ್ಕೂ ತಕರಾರು ತೆಗೆಯುತ್ತಾಳೆ ಎಂದುಕೊಂಡೆ. ಅವಳು ನೆಲ ನೋಡುತ್ತ "ಆಯ್ತ್ರಿ" ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಳು. ಗೆದ್ದು ಬಂದವಳ ಮುಖ ಹೀಗಿರುತ್ತದೆಯೇ ಎಂದು ನಾನು ರೇಗಿಸಿದೆ. ಅವಳು ಕಿಟಕಿಯ ಕಡೆಗೇ ನೋಡುತ್ತ ಹೇಳಿದಳು:

"ಆಂಟಿ, ಇನ್ಮ್ಯಾಲೆ ನಿಮ್ಮ ಬ್ಲೌಸ್ ಬಿಚ್ಚಿ ದೊಡ್ಡದ ಮಾಡಿದ್ರ ನಿಮ್ಮ ಕಡೀನೂ ರೊಕ್ಕ ತೊಗೋಬೇಕಾಗ್ತದರಿ."

"ತಗೋಬೇಕು ಕಣೆ," ಎಂದೆ. "ಬಿಲ್ಲೂ ಕೊಡು."

ಅಲ್ಲಿಯವರೆಗೆ ಅಳದಿದ್ದವಳು ಆಗ ನನ್ನ ಹೆಗಲಿಗೆ ತಲೆಯಿಟ್ಟು ಅತ್ತುಬಿಟ್ಟಳು.