‘ತುಂ.’ ಎಂಬ ಇನಿಷಿಯಲ್ಲು

ಊರಿನವರೆಲ್ಲ ಆಕೆಯನ್ನು ಚೀಲದಕ್ಕ ಎಂದೇ ಕರೆಯುತ್ತಿದ್ದರು. ಹೆಗಲಿನಿಂದ ಇಳಿಬಿದ್ದ ಬಟ್ಟೆಯ ಚೀಲವಿಲ್ಲದೆ ಆಕೆಯನ್ನು ಕಂಡವರು ಕಡಿಮೆ. ಅದರೊಳಗೆ ಕೂಸುಗಳನ್ನು ತೂಗುವ ಪುಟ್ಟ ತಕ್ಕಡಿ, ಜ್ವರ ನೋಡುವ ಕಡ್ಡಿ, ರಕ್ತ ಹೆಚ್ಚಿಸುವ ಮಾತ್ರೆಗಳು, ಮತ್ತು ಅಂಚುಗಳು ಹತ್ತಿಯಂತೆ ಮೆತ್ತಗಾದ ಒಂದು ಉದ್ದನೆಯ ನೋಟುಪುಸ್ತಕ. ಆಶಾ ಕಾರ್ಯಕರ್ತೆಯಾಗಿ ಹದಿನಾಲ್ಕು ವರ್ಷ ಆಕೆ ಆ ಊರಿನ ಇನ್ನೂರ ಹನ್ನೆರಡು ಮನೆಗಳ ಹೊಸಿಲು ತುಳಿದಿದ್ದಳು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರಿದೆ ಬೊಗಳುತ್ತದೆ ಎಂಬುದೂ ಆಕೆಗೆ ಬಾಯಿಪಾಠ.

ಆರು ತಿಂಗಳಿಗೊಮ್ಮೆ ಮನೆ ಮನೆಯ ಸಮೀಕ್ಷೆ. ನೋಟುಪುಸ್ತಕದಲ್ಲಿ ಮನೆಗೊಂದು ಸಾಲು. ಬಸುರಿ ಇದ್ದರೆ ಸಾಲಿನ ತುದಿಗೆ ಒಂದು ಸೊನ್ನೆ, ವರ್ಷದೊಳಗಿನ ಕೂಸಿದ್ದರೆ ಒಂದು ಚುಕ್ಕೆ, ದಿನವೂ ಮಾತ್ರೆ ನುಂಗುವವರಿದ್ದರೆ ಒಂದು ಅಡ್ಡಗೀಟು. ಬೀಗ ಹಾಕಿದ ಮನೆಯ ಸಾಲನ್ನು ಖಾಲಿ ಬಿಟ್ಟು ಪುಟದ ಮೂಲೆ ಮಡಿಸುವಳು. ಮಡಿಕೆ ಬಿಚ್ಚುವ ತನಕ ಆಕೆಗೆ ಸಮಾಧಾನವಿಲ್ಲ.

“ಮನೇಲಿ ಯಾರಿಗಾದ್ರೂ ಕಾಯಿಲೆ ಇದೆಯಾ?” ಎಂದು ಆಕೆ ಎಂದೂ ಕೇಳುತ್ತಿರಲಿಲ್ಲ. ಮೊದಲ ವರ್ಷ ಹಾಗೆ ಕೇಳಿ ಪಾಠ ಕಲಿತಿದ್ದಳು. ಬೀದಿಯ ಕೊನೆಯ ಮನೆಯ ನಿವೃತ್ತ ಅಂಚೆಯವರು ಎದೆ ಸೆಟೆದು, “ನನಗ್ಯಾವ ಕಾಯಿಲೆನೂ ಇಲ್ಲಮ್ಮ. ಬೆಳಿಗ್ಗೆ ಎರಡು, ಸಂಜೆ ಒಂದು ಮಾತ್ರೆ ನುಂಗ್ತೀನಿ, ಅಷ್ಟೇ” ಎಂದಿದ್ದರು. ಅಂದಿನಿಂದ ಆಕೆಯ ಪ್ರಶ್ನೆ ಒಂದೇ: “ಮಾತ್ರೆ ಡಬ್ಬಿ ಎಲ್ಲಿಟ್ಟಿದೀರಿ, ಸ್ವಲ್ಪ ತೋರಿಸಿ.”

ಬಸುರಿಯರ ವಿಷಯದಲ್ಲಿ ಆಕೆ ಇನ್ನೂ ಬಿಗಿ. ಕೊನೆಯ ಮುಟ್ಟಿನ ತಾರೀಖು ನೆನಪಿದ್ದವರದು ಸುಲಭ. ಅದನ್ನೇ ಬರೆದುಕೊಂಡರೆ ಹೆರಿಗೆಯ ದಿನ ಲೆಕ್ಕಕ್ಕೆ ಸಿಗುತ್ತದೆ. ನೆನಪಿಲ್ಲದವರು ತಿಂಗಳು ಹೇಳುತ್ತಾರೆ. ಒಬ್ಬಳು “ಐದರಲ್ಲಿ ಬಿದ್ದಿದೆ” ಎನ್ನುತ್ತಾಳೆ, ಅಂದರೆ ನಾಲ್ಕು ಮುಗಿದು ಐದು ನಡೆಯುತ್ತಿದೆ. ಇನ್ನೊಬ್ಬಳು “ಐದು ತುಂಬಿತು” ಎನ್ನುತ್ತಾಳೆ. ಕೇಳುವವರಿಗೆ ಎರಡೂ ಐದೇ. ಹೊಟ್ಟೆಯೊಳಗಿನ ಕೂಸಿಗೆ ಮಾತ್ರ ಒಂದು ತಿಂಗಳ ವ್ಯತ್ಯಾಸ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಕಲಿಸಿದ ಮೇಷ್ಟರು ಹೇಳುತ್ತಿದ್ದ ಮಾತು ಆಕೆಗೆ ಇಂದಿಗೂ ನೆನಪು: “‘ಮನೆ’ಗೂ ‘ಮನೆಯಲ್ಲಿ’ಗೂ ವ್ಯತ್ಯಾಸ ತಿಳೀದೋರು ಬಾಗಿಲ ಹೊರಗೇ ನಿಂತಿರ್ತಾರೆ.” ಆದ್ದರಿಂದ ಆಕೆ ಕೇಳಿದ್ದನ್ನು ಕೇಳಿದಂತೆಯೇ ಬರೆಯುವಳು: ‘೫ರಲ್ಲಿ’, ‘೫ ತುಂ.’ ಬಿಸಿಲಲ್ಲಿ ನಿಂತು ಬರೆಯುವಾಗ ‘ತುಂಬಿ’ ಎಂದು ಪೂರ್ತಿ ಬರೆಯಲು ಪುರುಸೊತ್ತೆಲ್ಲಿ? ಒಂದು ಚುಕ್ಕೆ ಇಟ್ಟು ಮುಂದೆ ನಡೆಯುವಳು.

ಆ ಸಲ ದರ್ಜಿಯ ಮನೆಯ ಸಾಲು ಹೀಗಿತ್ತು: ‘ಸೊಸೆ, ೮ ತುಂ., ಹಿಂದೆ ಎರಡೂ ಆಪರೇಷನ್.’

ಸೊಸೆ ತವರಿನಿಂದ ಬಂದು ಎರಡು ವಾರವಾಗಿತ್ತು. ಮೊದಲ ಎರಡು ಕೂಸುಗಳೂ ಹೊಟ್ಟೆ ಕೊಯ್ದು ಹೊರತೆಗೆದವು. ಎರಡನೆಯದು ಇನ್ನೂ ಹಾಲು ಕುಡಿಯುತ್ತಿರುವಾಗಲೇ, ಮುಟ್ಟು ಮರಳುವ ಮೊದಲೇ ಮೂರನೆಯದು ನಿಂತಿತ್ತು. ಹಾಗಾಗಿ ತಾರೀಖು ಹೇಳಲು ಅವಳಿಗೆ ತಿಳಿಯದು. ತವರಿನಲ್ಲಿ ಸ್ಕ್ಯಾನ್ ಮಾಡಿದ ದಿನ “ಎರಡು ತಿಂಗಳು ತುಂಬಿದೆ” ಎಂದಿದ್ದರಂತೆ. ಚೀಟಿ ಅಲ್ಲೇ ಉಳಿದಿತ್ತು. ಅಂದಿನಿಂದ ಅತ್ತೆ ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಗುಂಡಿಯಾಕಾರದ ಗುರುತು ಹಾಕುತ್ತ ಬಂದಿದ್ದಳು.

ಹತ್ತು ದಿನಗಳ ನಂತರ ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ಪಟ್ಟಿಗಳು ಸಿದ್ಧವಾಗಿ ಕುಳಿತಿದ್ದವು. ನೋಟುಪುಸ್ತಕದಿಂದ ಅವನ್ನು ಕಂಪ್ಯೂಟರಿಗೆ ಏರಿಸಿದವನು ಹೊಸದಾಗಿ ಬಂದ ಆಪರೇಟರು. ಚುರುಕು ಕೈ, ಅದಕ್ಕಿಂತ ಚುರುಕು ಬಾಯಿ.

“ಅಕ್ಕಾ, ನಿಮ್ಮ ಪುಸ್ತಕ ಓದೋದಕ್ಕೆ ನನಗೆ ಬೇರೆ ಸಂಬಳ ಕೊಡಬೇಕು. ಸೊನ್ನೆ, ಚುಕ್ಕೆ, ಗೀಟು! ರಂಗೋಲಿನೋ ಸಮೀಕ್ಷೆನೋ?”

“ಮುಗಿಸಿದೆಯಲ್ಲಪ್ಪ, ಜಾಣ” ಎಂದು ನಗುತ್ತ ಚೀಲದಕ್ಕ ಪಟ್ಟಿಯನ್ನು ಕೈಗೆತ್ತಿಕೊಂಡಳು. ಸಹಿ ಹಾಕುವ ಮೊದಲು ಪ್ರತಿ ಸಾಲನ್ನೂ ಬೆರಳಿಟ್ಟು ಓದುವುದು ಆಕೆಯ ಪದ್ಧತಿ. ಕೂಸುಗಳು ಹದಿನಾರು, ಮುಂದಿನ ಲಸಿಕೆಯ ದಿನದೊಂದಿಗೆ, ಸರಿ. ಬಿಪಿ, ಸಕ್ಕರೆ, ಮೂರ್ಛೆಯ ಮಾತ್ರೆಯವರು ಎಪ್ಪತ್ತೊಂದು, ಅಂಚೆಯವರೂ ಸೇರಿ, ಸರಿ. ಬಸುರಿಯರು ಹನ್ನೊಂದು. ಅಲ್ಲಿ ಬೆರಳು ನಿಂತಿತು.

“ಇದೇನಪ್ಪ, ನಾಲ್ಕು ಜನರ ಹೆಸರಿನ ಮುಂದೆ ‘ತುಂ.’ ಅಂತಿದೆ?”

“ಇನಿಷಿಯಲ್ಲು ಅಕ್ಕ. ನೀವೇ ಬರೆದಿದ್ರಲ್ಲ. ಒಂದೇ ಮನೆತನದೋರು ಅಂತ ಅಂದ್ಕೊಂಡೆ.”

ಚೀಲದಕ್ಕನಿಗೆ ನಗು ಉಕ್ಕಿತು. ಪಕ್ಕದಲ್ಲಿ ಲಸಿಕೆಯ ಪೆಟ್ಟಿಗೆ ತುಂಬುತ್ತಿದ್ದ ಸಿಸ್ಟರಮ್ಮನೂ ನಕ್ಕರು. “ಈ ಊರಲ್ಲಿ ತುಂಬಿದ ಮನೆತನ ಬಹಳ ಕಣೋ!” ಎಂದರು. ನಗುತ್ತಲೇ ಚೀಲದಕ್ಕನ ಕಣ್ಣು ಅದೇ ಸಾಲಿನ ಕೊನೆಗೆ ಹರಿಯಿತು. ಹೆರಿಗೆಯ ದಿನದ ಕಾಲಂ. ದರ್ಜಿ ಮನೆಯ ಸೊಸೆಗೆ ಇನ್ನೂ ಸುಮಾರು ಎರಡು ತಿಂಗಳಾಚೆಯ ತಾರೀಖು ಇತ್ತು. ಆಕೆ ನೋಟುಪುಸ್ತಕ ಬಿಚ್ಚಿ ಆ ಸಾಲಿನ ಪಕ್ಕಕ್ಕಿಟ್ಟಳು.

“ತಮ್ಮಾ, ತಿಂಗಳನ್ನ ಹೇಗೆ ಹಾಕಿದೆ?”

“ಸಿಸ್ಟರ್ ಹೇಳಿದ ಹಾಗೇ. ‘ಐದರಲ್ಲಿ’ ಅಂದ್ರೇನು ಅಂತ ಕೇಳಿದೆ. ನಾಲ್ಕು ಮುಗಿದಿದೆ, ಒಂದು ಕಳೆದು ಹಾಕು ಅಂದ್ರು. ಎಲ್ಲದಕ್ಕೂ ಒಂದೊಂದು ಕಳೆದುಬಿಟ್ಟೆ. ಒಂದೇ ಏಟಿಗೆ ಆಯ್ತು.”

“ನಾನು ಹೇಳಿದ್ದು ‘ಅಲ್ಲಿ’ ಇರೋದಕ್ಕೆ ಕಣೋ!” ಎಂದು ಸಿಸ್ಟರಮ್ಮ ಪೆಟ್ಟಿಗೆಯ ಮುಚ್ಚಳ ಬಿಟ್ಟು ಎದ್ದರು.

ವಿಷಯ ಇಷ್ಟೇ. ಎಂಟು ತುಂಬಿದವಳನ್ನು ಪಟ್ಟಿ ಏಳು ತುಂಬಿದವಳನ್ನಾಗಿ ಮಾಡಿತ್ತು. ತಿಂಗಳಿಗೊಮ್ಮೆ ಬರುವ ಹೆರಿಗೆ ತಜ್ಞೆ ನಾಳೆ ಬರುವವರಿದ್ದರು. ಮುಂದಿನ ಐದು ವಾರದೊಳಗೆ ದಿನ ತುಂಬುವ, ತೊಡಕಿನ ಬಸುರಿಯರಿಗೆ ಮಾತ್ರ ಅವರು ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆಯ ದಿನ ಗೊತ್ತುಮಾಡಿ ಹೋಗುವರು. ದರ್ಜಿ ಸೊಸೆಯ ಹೆಸರು ಅವರ ಕೈಗೆ ಹೋಗುವ ಹಾಳೆಯಲ್ಲಿ ಇರಲೇ ಇಲ್ಲ. ಅದು ಮುಂದಿನ ತಿಂಗಳ ಹಾಳೆಯಲ್ಲಿತ್ತು. ಅಷ್ಟರೊಳಗೆ ನೋವು ಶುರುವಾದರೆ ಎರಡು ಸಲ ಹೊಲಿದ ಗರ್ಭಕೋಶ ತಡೆದೀತೇ? ದೊಡ್ಡಾಸ್ಪತ್ರೆಗೆ ಒಂದೂವರೆ ಗಂಟೆಯ ದಾರಿ.

ಕೇಂದ್ರದ ಡಾಕ್ಟರಮ್ಮ ಪಟ್ಟಿಯನ್ನೂ ನೋಟುಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಬೈಯಲಿಲ್ಲ. “ನಿಮ್ಮ ಮಾತು ನಂಬ್ತೀನಿ. ಆದರೆ ಆಪರೇಷನ್ ದಿನ ನಂಬಿಕೆ ಮೇಲೆ ಇಡೋಕಾಗಲ್ಲ. ಬೇಗ ಕೊಯ್ದರೂ ಕೂಸಿಗೆ ಕಷ್ಟ. ಸಂಜೆಯೊಳಗೆ ಆ ಸ್ಕ್ಯಾನ್ ಚೀಟಿ ಬೇಕು.”

“ತರ್ತೀನಿ ಮೇಡಂ” ಎಂದಳು ಚೀಲದಕ್ಕ. ಹೇಗೆ ಎಂದು ಆಗಿನ್ನೂ ತಿಳಿದಿರಲಿಲ್ಲ.

ಸಿಸ್ಟರಮ್ಮನನ್ನು ಕರೆದುಕೊಂಡು ದರ್ಜಿಯ ಮನೆಗೆ ಬಂದಾಗ ಹೊಲಿಗೆ ಯಂತ್ರ ಗಡಗಡ ಓಡುತ್ತಿತ್ತು. ವಿಷಯ ಕೇಳಿದ ಅತ್ತೆಗೆ ಎಲ್ಲಿಲ್ಲದ ಸಿಟ್ಟು ಬಂತು. “ನನ್ನ ಲೆಕ್ಕ ತಪ್ಪಂತಾ? ಐದು ಹೆತ್ತೋಳು ನಾನು. ಯಾವನವನು ಒಂದು ತಿಂಗಳು ಕದ್ದೋನು?”

“ಕದ್ದಿಲ್ಲಮ್ಮ, ಕಳೆದ. ನಿಮ್ಮ ಲೆಕ್ಕವೇ ಸರಿ ಅಂತ ತೋರಿಸೋಕೇ ಬಂದಿರೋದು. ಸೊಸೆ ತವರಿಗೆ ಒಂದು ಫೋನ್ ಹಚ್ಚಿ.”

ಸಿಸ್ಟರಮ್ಮ ಒಳಕೋಣೆಯಲ್ಲಿ ಸೊಸೆಯನ್ನು ಮಲಗಿಸಿ ಹೊಟ್ಟೆಯ ಮೇಲೆ ಟೇಪು ಹಿಡಿದರು. ತನ್ನ ಅಳತೆ ಟೇಪನ್ನೇ ತರಲು ಹೊರಟಿದ್ದ ದರ್ಜಿ ಮಾವನನ್ನು, “ನಮ್ಮದೇ ಇದೆಯಪ್ಪ, ನೀನು ಬ್ಲೌಸು ನೋಡ್ಕೋ” ಎಂದು ಕಳಿಸಿದ್ದಾಯಿತು. ಮೂವತ್ತೈದು ಸೆಂಟಿಮೀಟರು. “ಏಳು ತಿಂಗಳ ಹೊಟ್ಟೆ ಅಲ್ಲವೇ ಅಲ್ಲ” ಎಂದರು ಸಿಸ್ಟರಮ್ಮ.

ತವರಿನಲ್ಲಿ ಚೀಟಿ ಕೂಡಲೇ ಸಿಗಲಿಲ್ಲ. ಬೀಗತಿ ಪೆಟ್ಟಿಗೆ ನೋಡಿದಳು, ಬೀರು ನೋಡಿದಳು. ಫೋನಿನಲ್ಲಿ ಪಾತ್ರೆಗಳು ಉರುಳುವ ಸದ್ದು ಕೇಳಿಸಿತು. “ಹೋದ್ರೆ ಹೋಯ್ತು ಬಿಡಿ” ಎಂಬ ಮಾತು ಬಂದಾಗ ಚೀಲದಕ್ಕ ಫೋನು ಕಸಿದುಕೊಂಡಳು. “ಅಮ್ಮಾ, ಆ ಚೀಟಿ ಕೊನೇ ಸಲ ಯಾಕೆ ಬೇಕಾಗಿತ್ತು, ನೆನಪು ಮಾಡ್ಕೊಳ್ಳಿ.” ಆ ಕಡೆಯಿಂದ ಸಣ್ಣ ದನಿ: “ಅಯ್ಯೋ, ಕೂಸಿನ ಚಿತ್ರ ಇದೆ ಅಂತ ದೊಡ್ಡ ಮೊಮ್ಮಗಳು ಅವಳ ಪುಸ್ತಕದಲ್ಲಿ ಇಟ್ಕೊಂಡಿದ್ಲು!”

ಹತ್ತು ನಿಮಿಷದಲ್ಲಿ ಚೀಟಿಯ ಚಿತ್ರ ಫೋನಿಗೆ ಬಂತು. ಸ್ಕ್ಯಾನಿನ ದಿನ, ಅಂದಿಗೆ ಎಷ್ಟು ವಾರ, ಹೆರಿಗೆಯ ಅಂದಾಜು ದಿನ, ಮೂರೂ ಅಚ್ಚುಕಟ್ಟಾಗಿ ಇದ್ದವು. ಇನ್ನು ಉಳಿದಿದ್ದು ನಾಲ್ಕೇ ವಾರ. ಅತ್ತೆಯ ಕ್ಯಾಲೆಂಡರಿಗೂ ಚೀಟಿಗೂ ಮೂರು ದಿನದ ಅಂತರವೂ ಇರಲಿಲ್ಲ. “ಈಗ ಹೇಳಿ ನಿಮ್ಮ ಕಂಪ್ಯೂಟರಿಗೆ” ಎಂದು ಅತ್ತೆ ಸೆರಗು ಕೊಡವಿದಳು.

ಕೇಂದ್ರದಲ್ಲಿ ಆಪರೇಟರು ಊಟಕ್ಕೂ ಏಳದೆ ಕಾಯುತ್ತಿದ್ದ. ಚೀಲದಕ್ಕ ಒಳಬಂದೊಡನೆ ಕುರ್ಚಿ ಎಳೆದುಕೊಟ್ಟ. “ಅಕ್ಕ, ನೀವು ಓದಿ, ನಾನು ತಿದ್ದುತೀನಿ.” ಇಬ್ಬರೂ ಕೂತು ಸೊನ್ನೆಯಿದ್ದ ಹನ್ನೊಂದು ಸಾಲನ್ನೂ ಮೊದಲಿನಿಂದ ಓದಿದರು. ನಾಲ್ಕು ‘ತುಂ.’ಗಳು ಹೆಸರಿನ ಮುಂದಿನಿಂದ ಇಳಿದು ತಮ್ಮ ಜಾಗಕ್ಕೆ ಬಂದವು. ಉಳಿದ ಮೂವರಿಗೆ ಅವಸರವಿರಲಿಲ್ಲ, ಆದರೂ ಅವರ ದಿನಗಳೂ ನೆಟ್ಟಗಾದವು. ತಿಂಗಳಿಗೆ ಇದ್ದ ಒಂದು ಕಾಲಂ ಎರಡಾಯಿತು: ‘ತುಂಬಿದ್ದು’, ‘ನಡೆಯುತ್ತಿರುವುದು’. ಸಂಜೆ ನಾಲ್ಕಕ್ಕೆ ನಾಳೆಯ ಹಾಳೆ ಹೊಸದಾಗಿ ಅಚ್ಚಾದಾಗ ದರ್ಜಿ ಮನೆಯ ಸೊಸೆಯೇ ಮೊದಲ ಸಾಲು, ಕೆಂಪು ಗುರುತಿನೊಂದಿಗೆ.

ಮರುದಿನ ತಜ್ಞೆ ನೋಡಿದರು, ಚೀಟಿ ಓದಿದರು, ಮೂರು ವಾರದಾಚೆಯ ದಿನವೊಂದನ್ನು ಗೊತ್ತುಮಾಡಿದರು. ಅದಕ್ಕೆ ಎರಡು ದಿನ ಮೊದಲೇ ಸೊಸೆ ದೊಡ್ಡಾಸ್ಪತ್ರೆ ಸೇರಿದಳು; ರಕ್ತವೂ ಮುಂಚಿತವಾಗಿ ಸಿದ್ಧವಿತ್ತು. ಗೊತ್ತಾದ ದಿನ ಬೆಳಗಿನ ಹತ್ತಕ್ಕೆ ಚೀಲದಕ್ಕನ ಫೋನು ಕೂಗಿತು. ಅತ್ತೆ! “ಚೀಲದಕ್ಕಾ, ಹೆಣ್ಣು ಕೂಸು! ಎರಡು ಕಿಲೋ ಎಂಟುನೂರು! ತಾಯಿ ಮಗಳು ಇಬ್ರೂ ಗುಂಡುಕಲ್ಲು! ಹೊಲಿಗೆ ಜಾಗ ಕಾಗದದ ಹಾಗೆ ತೆಳ್ಳಗಾಗಿತ್ತಂತೆ. ನೋವು ಬಂದಿದ್ರೆ ತಡೀತಿರಲಿಲ್ಲ ಅಂದ್ರು ಡಾಕ್ಟ್ರು.” ಚೀಲದಕ್ಕ ರಸ್ತೆಯ ನಡುವೆಯೇ ನಿಂತು, ಕಣ್ಣೊರೆಸಿಕೊಂಡು, ಹಿಂದಿನಿಂದ ಗಂಟೆ ಬಾರಿಸಿದ ಸೈಕಲ್ಲಿನವನಿಗೆ, “ಹೋಗಪ್ಪ, ಪಕ್ಕದಲ್ಲಿ ಜಾಗ ಇಲ್ವಾ” ಎಂದು ಜೋರು ಮಾಡಿದಳು.

ಆ ತಿಂಗಳ ಸಭೆಯಲ್ಲಿ ಡಾಕ್ಟರಮ್ಮ ಹಳೆಯ ನೋಟುಪುಸ್ತಕವನ್ನು ಎಲ್ಲರಿಗೂ ಎತ್ತಿ ತೋರಿಸಿದರು. “ಇನ್ನು ಮುಂದೆ ಯಾವ ಊರಿನ ಪಟ್ಟಿಯೇ ಆಗಲಿ, ಬರೆದವರು ಪಕ್ಕದಲ್ಲಿ ಕೂತು ಓದದೆ ಅಚ್ಚಾಗಬಾರದು” ಎಂದರು. ಇಪ್ಪತ್ತು ಜನ ಆಶಾ ಕಾರ್ಯಕರ್ತೆಯರು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಆಪರೇಟರು. “ಅಕ್ಕಾ, ನನ್ನ ಇನಿಷಿಯಲ್ಲೂ ‘ತುಂ.’ ಅಂತ ಹಾಕ್ಕೊಳ್ಳೋಣ ಅಂತಿದೀನಿ” ಎಂದ.

“ಹಾಕ್ಕೋ. ತುಂಟ ಅಂತ ಓದ್ಕೋತೀವಿ” ಎಂದಳು ಚೀಲದಕ್ಕ.

ಏಳನೆಯ ದಿನದ ಭೇಟಿಗೆ ಆಕೆ ದರ್ಜಿಯ ಮನೆಗೆ ಹೋದಳು. ಕೂಸನ್ನು ತೂಗಿದಳು, ಮೈ ಬಿಸಿ ನೋಡಿದಳು, ಹೊಕ್ಕಳು ನೋಡಿದಳು, ಹಾಲು ಕುಡಿಯುವುದನ್ನು ಕೂತು ನೋಡಿದಳು. ಆಮೇಲೆ ಹೊಲಿಗೆ ಯಂತ್ರದ ಹಲಗೆಯ ಮೇಲೆ ನೋಟುಪುಸ್ತಕ ಬಿಚ್ಚಿ, ಅದರೊಳಗಿಟ್ಟಿದ್ದ ಅಚ್ಚಾದ ಪಟ್ಟಿಗಳನ್ನು ಹರಡಿದಳು. ದರ್ಜಿಯ ಅಳತೆ ಪಟ್ಟಿ ಇಟ್ಟು ಬಸುರಿಯರ ಪಟ್ಟಿಯ ಒಂದು ಸಾಲನ್ನು ನೆಟ್ಟಗೆ ಹೊಡೆದುಹಾಕಿದಳು. ಕೂಸುಗಳ ಪಟ್ಟಿಗೆ ಹದಿನೇಳನೆಯ ಸಾಲು ಸೇರಿಸಿದಳು: ‘ಹೆಣ್ಣು. ಮುಂದಿನ ಲಸಿಕೆ ಆರು ವಾರ—’

ಅಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ, ಚುಕ್ಕೆಯಿಡದೆ, ಆಕೆ ಪದವನ್ನು ಪೂರ್ತಿ ಬರೆದಳು: ‘ತುಂಬಿದ ಮೇಲೆ.’