ಟ್ಯಾಬ್‌ನ ಕೀಲಿ ನನ್ನ ಕೈಯಲ್ಲಿದ್ದ ಹದಿನೆಂಟು ದಿನ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೀಗಾಗಿ ಇಂಗ್ಲಿಷ್ ಅಕ್ಷರ ಎಲ್ಲಿ ಕಂಡರೂ ಅದು ನನ್ನ ಹತ್ತಿರ ಬರುತ್ತದೆ. ಬೆಳೆಗೆ ಹೊಡೆಯುವ ಔಷಧದ ಡಬ್ಬಿ, ಮಿಕ್ಸರಿನ ಗ್ಯಾರಂಟಿ ಕಾರ್ಡು, ಯಾರದೋ ರಕ್ತ ಪರೀಕ್ಷೆಯ ರಿಪೋರ್ಟು, ಎಲ್ಲದಕ್ಕೂ ನಾನೇ ಆಗಬೇಕು. ಬಿ.ಎ. ಇಂಗ್ಲಿಷ್ ನನಗೆ ಮೂರನೆಯ ಸಲಕ್ಕೆ ಪಾಸಾಯಿತೆಂಬ ಸುದ್ದಿಯನ್ನು ನಾನಾಗಿ ಯಾರಿಗೂ ಹೇಳಿಲ್ಲ. ಕೇಳಿದವರೂ ಇಲ್ಲ.

ಹುಕ್ಕೇರಿಯ ಕಚೇರಿಯಲ್ಲಿ ನಾನು ಟಪಾಲು ವಿಭಾಗದಲ್ಲಿದ್ದೇನೆ. ಒಂದು ದಿನ ಊಟದ ಬಿಡುವಿನಲ್ಲಿ ತುಕ್ಕಾನಟ್ಟಿಯಿಂದ ಅಣ್ಣನ ಫೋನು ಬಂತು. ಅವನ ಮಗಳು ಐದನೆಯ ಇಯತ್ತೆ. ಸರ್ಕಾರಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಹುಡುಗಿ ತಯಾರಾದರೆ ಸೀಟು ಸಿಗುತ್ತದೆ ಎಂದು ಅವಳ ಮಾಸ್ತರು ಹೇಳಿದ್ದರಂತೆ. ಉಳಿದ ಮಕ್ಕಳು ಗೋಕಾಕದ ಕೋಚಿಂಗಿಗೆ ಹೋಗುತ್ತಾರೆ, ಇವಳನ್ನು ದಿನಾ ಬಸ್ಸು ಹತ್ತಿಸಿ ಕಳಿಸಲು ಆಗುವುದಿಲ್ಲ, ಅದಕ್ಕೆ ಒಂದು ಟ್ಯಾಬ್ ಕೊಡಿಸೋಣ ಎಂದುಕೊಂಡಿದ್ದಾನೆ. ಪರೀಕ್ಷೆಗೆ ಎರಡೂವರೆ ತಿಂಗಳಿತ್ತು. ಅಣ್ಣನ ಹೆಂಡತಿ, ನನ್ನ ವೈನಿಗೆ ಮಾತ್ರ ಮನಸ್ಸಿರಲಿಲ್ಲ. ಓಣಿಯಲ್ಲಿ ಒಬ್ಬ ಹುಡುಗ ಮೊಬೈಲ್ ಹಿಡಿದು ಊಟ ಬಿಟ್ಟಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹುಡುಗಿ ಆಟಕ್ಕೆ ಬಿದ್ದದ್ದು ಕಂಡರೆ ಅವತ್ತೇ ಟ್ಯಾಬ್ ಟ್ರಂಕಿನೊಳಗೆ, ಪರೀಕ್ಷೆಯ ಮಾತು ಅಲ್ಲಿಗೇ ಮುಗಿಯಿತು ಎಂದು ಕರಾರು ಹಾಕಿದ್ದಳು.

ಅಣ್ಣ ಹೇಳಿದ, "ನೀ ಓದಿದಾಕಿ. ನೀನ ಆರಸು."

ನಾನು ಆವರೆಗೆ ಟ್ಯಾಬನ್ನು ಕೈಯಲ್ಲಿ ಹಿಡಿದವಳೇ ಅಲ್ಲ. ಆದರೆ ನನ್ನನ್ನು ಓದಿಸಲೆಂದು ಏಳನೆಯದಕ್ಕೇ ಸಾಲಿ ಬಿಟ್ಟ ಅಣ್ಣನಿಗೆ ಅದನ್ನು ಹೇಳುವ ಬಾಯಿ ನನಗಿಲ್ಲ. ಅದೇನು ದೊಡ್ಡದು, ಆರಿಸೋಣ ಎಂದೆ.

ಒಂದು ವಾರ ಮೊಬೈಲಿನಲ್ಲಿ ಓದಿದೆ. ಓದುವುದೆಂದರೆ ನನಗೆ ಪರೀಕ್ಷೆಯೇ. ಕಚೇರಿಯ ಹಾಳೆಯ ಮೇಲೆ ಗೆರೆ ಹಾಕಿ ನಾಲ್ಕು ಕಾಲಂ ಮಾಡಿದೆ. ಬಾಳಿಕೆ, ಪೋಷಕರ ನಿಯಂತ್ರಣ, ಪರದೆ, ಕಲಿಕೆಯ ಆ್ಯಪ್. ಒಂದೊಂದಕ್ಕೆ ಇಪ್ಪತ್ತೈದು ಅಂಕ. ರೆಸಲ್ಯೂಷನ್, ರ್‍ಯಾಮ್, ಪಿಕ್ಸೆಲ್ ಎಂಬ ಶಬ್ದಗಳನ್ನು ಬಾಯಿಪಾಠ ಮಾಡಿ, ಚಹಾದ ಹೊತ್ತಿಗೆ ಸಹೋದ್ಯೋಗಿಗಳ ಮೇಲೆ ಪ್ರಯೋಗಿಸಿದೆ. ಅವರು ತಲೆ ಆಡಿಸಿದರು. ಅವರಿಗೂ ಗೊತ್ತಿರಲಿಲ್ಲ ಎಂಬುದು ನನಗೆ ಖಾತ್ರಿಯಾಗಿ ಸಮಾಧಾನವಾಯಿತು.

ಭಾನುವಾರ ಗೋಕಾಕದ ಅಂಗಡಿಯಲ್ಲಿ ಸೇರಿದೆವು. ನಾನು ಹುಕ್ಕೇರಿಯಿಂದ, ಅಣ್ಣ ವೈನಿ ತುಕ್ಕಾನಟ್ಟಿಯಿಂದ. ಕೌಂಟರಿನಲ್ಲಿದ್ದ ಹೆಣ್ಣುಮಗಳಿಗೆ ನಾನು ನನ್ನ ಹಾಳೆ ತೆಗೆದು ಓದಿ ಹೇಳತೊಡಗಿದೆ. ಅವಳು ಸಮಾಧಾನದಿಂದ ಕೇಳಿದಳು. ನನ್ನ ಲೆಕ್ಕದಲ್ಲಿ ಎಂಬತ್ತೆಂಟು ಅಂಕ ಪಡೆದ ತೆಳ್ಳನೆಯ ಟ್ಯಾಬನ್ನು ತೋರಿಸಿದಳು. ಟ್ಯೂಬಲೈಟಿನ ಕೆಳಗೆ ಅದರ ಬಣ್ಣ ನೋಡಿ ಅಣ್ಣ ಬೆರಗಾದ. ನಾನೂ ಅದನ್ನು ನಾನೇ ತಯಾರಿಸಿದವಳ ಹಾಗೆ ನಿಂತೆ.

ವೈನಿ ಅದನ್ನು ಎತ್ತಿಕೊಂಡು ಅಂಗಡಿಯ ಮೆಟ್ಟಿಲ ತನಕ ನಡೆದಳು. ಮಧ್ಯಾಹ್ನದ ಬಿಸಿಲು. ಹಿಡಿದು ನೋಡಿ ಹೊಳ್ಳಿ ಬಂದು ಹೇಳಿದಳು, "ಇದರಾಗ ನನ್ನ ಮಾರಿ ಅಷ್ಟ ಕಾಣತೈತಿ. ಆಕಿ ಓದೂದು ಹೊರಗ ಕಟ್ಟಿ ಮ್ಯಾಲ."

ರೆಸಲ್ಯೂಷನ್ ಎಷ್ಟಿದ್ದರೂ ಪರದೆಯ ಬೆಳಕು ಕಡಿಮೆಯಿದ್ದರೆ ಬಯಲಿನಲ್ಲಿ ಅದು ಕನ್ನಡಿಯಾಗುತ್ತದೆ ಎಂದು ಕೌಂಟರಿನಾಕೆ ಮೆಲ್ಲಗೆ ಹೇಳಿದಳು. ಆಮೇಲೆ ನನ್ನನ್ನು ಬಿಟ್ಟು ವೈನಿಯನ್ನೇ ಕೇಳತೊಡಗಿದಳು. ಮನೆಯಲ್ಲಿ ವೈಫೈ ಇದೆಯೇ? ಇಲ್ಲ. ಹಾಗಾದರೆ ಸಿಮ್ ಹಾಕುವಂಥದ್ದು ಬೇಕು. ನನ್ನ ಎಂಬತ್ತೆಂಟರದಕ್ಕೆ ಸಿಮ್ ಹಾಕುವ ಜಾಗವೇ ಇರಲಿಲ್ಲ. ಸಣ್ಣ ಮಕ್ಕಳಿದ್ದಾರೆಯೇ? ಎರಡು ವರ್ಷದ ಒಬ್ಬನಿದ್ದಾನೆ. ಹಾಗಾದರೆ ನಾಲ್ಕೂ ಮೂಲೆಗೆ ದಪ್ಪ ರಬ್ಬರಿರುವ ಕವರು, ಮೇಲೊಂದು ಗಾಜಿನ ಹಾಳೆ. ಕೊನೆಗೆ, ಬಿದ್ದು ಪರದೆ ಒಡೆದರೆ ಹೊಸ ಪರದೆ ಗೋಕಾಕದಲ್ಲೇ ಸಿಗುವ ಕಂಪನಿಯದನ್ನು ತಗೊಳ್ಳಿರಿ, ತೆಳ್ಳಗಿನದರ ಪರದೆ ತರಿಸಲು ತಿಂಗಳು ಹಿಡಿಯುತ್ತದೆ ಎಂದಳು. ನಾನು ಅರವತ್ತೊಂದು ಅಂಕ ಕೊಟ್ಟಿದ್ದ, ನೋಡಲು ರೊಟ್ಟಿ ಹಂಚಿನಷ್ಟು ದಪ್ಪವಿದ್ದ ಟ್ಯಾಬನ್ನು ವೈನಿ ಆರಿಸಿದಳು. ಬಿಸಿಲಿನಲ್ಲಿ ಅದರ ಅಕ್ಷರ ಕಾಣುತ್ತಿತ್ತು.

ಸೋತೆ ಎನ್ನುವಂತಿರಲಿಲ್ಲ. ಇನ್ನೂ ಎರಡು ಕಾಲಂ ನನ್ನ ಕೈಯಲ್ಲಿದ್ದವು.

ಆ ಸಂಜೆ ತುಕ್ಕಾನಟ್ಟಿಯ ಮನೆಯಲ್ಲಿ ಟ್ಯಾಬ್ ತೆರೆದು ಕೂತೆ. ಮಗುವಿನ ಖಾತೆ ಮಾಡಲು ಪೋಷಕರ ಖಾತೆ ಬೇಕು, ಪೋಷಕರ ಕೈಯಲ್ಲೊಂದು ಸ್ಮಾರ್ಟ್‌ಫೋನ್ ಬೇಕು. ಅಣ್ಣನದು ಬಟನ್ ಫೋನು. ವೈನಿಯ ಹತ್ತಿರ ಏನಿದೆ ಎಂದು ನಾನು ಕೇಳಲೇ ಇಲ್ಲ. ನಾಲ್ಕನೆಯ ಇಯತ್ತೆ ಓದಿದವಳ ಹತ್ತಿರ ಏನಿದ್ದೀತು ಎಂದುಕೊಂಡೆ. ಪೋಷಕರು ಎಂಬಲ್ಲಿ ನನ್ನ ಹೆಸರನ್ನೇ ಹಾಕಿದೆ.

ಬಗ್ಗಿ ನೋಡುತ್ತಿದ್ದ ಅಣ್ಣ, "ಅಂದ್ರ ಕೂಸಿನ ಅವ್ವ ಇನ್ನ ಮ್ಯಾಲ ನೀನ?" ಎಂದು ನಕ್ಕ. ನಾನೂ ನಕ್ಕೆ. ವೈನಿ ರೊಟ್ಟಿ ಬಡಿಯುತ್ತಿದ್ದಳು, ಸಪ್ಪಳ ಸ್ವಲ್ಪ ಜೋರಾಯಿತು.

ಕೀಲಿ ಬಿಗಿ ಮಾಡಿದೆ. ದಿನಕ್ಕೆ ಎರಡು ತಾಸು. ಯಾವ ಹೊಸ ಆ್ಯಪ್ ಹಾಕಬೇಕಾದರೂ ನನ್ನ ಫೋನಿಗೆ ವಿನಂತಿ ಬರಬೇಕು. ರಾತ್ರಿ ಎಂಟರಿಂದ ಬೆಳಿಗ್ಗೆ ಏಳರ ತನಕ ಟ್ಯಾಬ್ ಪೂರ್ತಿ ಬಂದ್, ಯಾಕೆಂದರೆ ಮಕ್ಕಳು ನಿದ್ದೆ ಮಾಡಬೇಕು ಎಂದು ಓದಿದ್ದೆ. ಕಲಿಕೆಗೆ ಒಂದು ಇಂಗ್ಲಿಷ್ ಆ್ಯಪ್ ಹಾಕಿದೆ. ಬಣ್ಣಬಣ್ಣದ ಗ್ರಹಗಳು, ಅಮೆರಿಕದ ದನಿ. ಹುಡುಗಿ ಓದುವುದು ಕನ್ನಡ ಮಾಧ್ಯಮದಲ್ಲಿ, ಪರೀಕ್ಷೆ ಬರೆಯುವುದೂ ಕನ್ನಡದಲ್ಲಿ. ಅದು ನನಗೆ ಗೊತ್ತಿತ್ತು. ಆದರೆ ಇಂಗ್ಲಿಷ್ ನನಗೆ ಕೊಟ್ಟ ಪೆಟ್ಟು ಅವಳಿಗೆ ಬೀಳಬಾರದು ಎಂಬ ಉದಾರ ಬುದ್ಧಿಯಿಂದ, ಆ ಪೆಟ್ಟನ್ನು ಎಂಟು ವರ್ಷ ಮೊದಲೇ ಕೊಟ್ಟುಬಿಟ್ಟೆ.

ಹುಕ್ಕೇರಿಗೆ ಬಂದ ಮೇಲೆ ದಿನಾ ನನ್ನ ಫೋನಿನಲ್ಲಿ ವರದಿ ನೋಡುವುದೇ ಕೆಲಸವಾಯಿತು. ಸೋಮವಾರ ಹನ್ನೆರಡು ನಿಮಿಷ. ಮಂಗಳವಾರ ಆರು. ಬುಧವಾರ ಸೊನ್ನೆ. ನನಗೆ ಸಿಟ್ಟು ಬಂತು. ಫೋನು ಮಾಡಿ ಹುಡುಗಿಗೆ ಉಪದೇಶ ಕೊಟ್ಟೆ. ನಾನು ಹೇಗೆ ಓದಿದೆ, ಬಸ್ಸು ತಪ್ಪಿದರೆ ಘಟಪ್ರಭಾ ತನಕ ಹೇಗೆ ನಡೆದೆ ಎಂದು ಹೇಳಿದೆ. ಈ ನಡಿಗೆ ನಾನು ಹೇಳಿದ ಸಲಕ್ಕೊಮ್ಮೆ ಒಂದು ಕಿಲೋಮೀಟರ್ ಬೆಳೆಯುತ್ತದೆ. ಹುಡುಗಿ "ಹೂಂ ಅತ್ತಿ" ಎಂದಳು.

ನಡುವೆ ಎರಡು ವಿನಂತಿಗಳೂ ಬಂದವು. ಕಚೇರಿಯಲ್ಲಿ ಫೋನು ಡ್ರಾವರಿನಲ್ಲಿರುತ್ತದೆ, ನೋಡುವ ಹೊತ್ತಿಗೆ ಸಂಜೆ. ಒಂದು, ಪಠ್ಯಪುಸ್ತಕದ ಕ್ಯೂಆರ್ ಕೋಡಿನ ಪಾಠ ತೆರೆಯುವ ಸರ್ಕಾರದ ಆ್ಯಪ್. ಇನ್ನೊಂದು, ಕನ್ನಡದಲ್ಲಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವ ಆ್ಯಪ್. ಹೆಸರು ಕೇಳಿರಲಿಲ್ಲ. ನನಗೆ ಗೊತ್ತಿಲ್ಲದ್ದು ಒಳ್ಳೆಯದಿರಲಾರದು ಎಂಬ ಒಂದೇ ಆಧಾರದ ಮೇಲೆ ಎರಡನ್ನೂ ತಿರಸ್ಕರಿಸಿದೆ.

ಹದಿನೆಂಟನೆಯ ದಿನ ಕಚೇರಿಗೆ ರಜೆ ಹಾಕಿದೆ. ವಿಚಾರಿಸಿಯೇ ಬಿಡುತ್ತೇನೆ ಎಂದು ಹೇಳದೆ ಕೇಳದೆ ತುಕ್ಕಾನಟ್ಟಿಗೆ ಹೋದೆ. ಹುಡುಗಿ ಸಾಲಿಗೆ ಹೋಗಿದ್ದಳು. ಟ್ಯಾಬ್ ದೇವರ ಗೂಡಿನ ಬಾಜೂ ಒಗೆದ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಮುಟ್ಟಿಯೇ ಇಲ್ಲವಲ್ಲ ಎಂದು ನಾನು ಶುರು ಮಾಡಿದೆ. ಇಂಥ ಅನುಕೂಲ ನಮಗಿದ್ದರೆ ನಾವು ಎಲ್ಲಿರುತ್ತಿದ್ದೆವು ಎಂಬಲ್ಲಿಗೆ ಬಂದಿದ್ದೆ. ವೈನಿ ಚಹಾದ ಬಟ್ಟಲು ನನ್ನ ಮುಂದಿಟ್ಟು ಕೂತಳು.

"ತಂಗಿ, ಆಕಿ ದಿನಾ ಐದಕ್ಕ ಏಳತಾಳ. ಏಳರ ತನಕ ಓದತಾಳ. ನಿನ್ನ ಕೀಲಿ ತಗಿಯೂದು ಏಳಕ್ಕ. ಏಳಕ್ಕ ನಾ ಆಕಿ ಜಡಿ ಹಾಕತೇನಿ."

ಸಂಜೆ ನೋಡಬಹುದಲ್ಲ, ಎಂದೆ. ಸಂಜೆ ವೈನಿ ಎಮ್ಮೆ ಹಿಂಡಿ ಅಡಿಗೆ ಮುಗಿಸುವ ತನಕ ತಮ್ಮನನ್ನು ಎತ್ತಿಕೊಳ್ಳುವವಳು ಅವಳೇ. ಅವನ ಕಣ್ಣಿಗೆ ಟ್ಯಾಬ್ ಬಿದ್ದರೆ ಮುಗಿಯಿತು. ಅವನು ಮಲಗುವುದು ಎಂಟಕ್ಕೆ. ಎಂಟಕ್ಕೆ ನನ್ನ ಕೀಲಿ ಬೀಳುತ್ತದೆ.

ಮೊದಲ ನಾಲ್ಕು ದಿನ ಹುಡುಗಿ ಬೆಳಿಗ್ಗೆ ಐದಕ್ಕೆ ಟ್ಯಾಬ್ ಮುಂದಿಟ್ಟುಕೊಂಡು ಏಳು ಹೊಡೆಯುವುದನ್ನು ಕಾಯುತ್ತಿದ್ದಳಂತೆ. ಆಮೇಲೆ ಅದನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ವಹಿ ಇಟ್ಟು, ಮಾಸ್ತರು ಕೊಟ್ಟ ಲೆಕ್ಕ ಬಿಡಿಸತೊಡಗಿದಳಂತೆ. ದಪ್ಪ ಕವರು ಬರೆಯಲು ಬರೋಬ್ಬರಿ ಆಗುತ್ತಿತ್ತು. ಇಂಗ್ಲಿಷ್ ಆ್ಯಪ್ ತಿಳಿಯುವುದಿಲ್ಲ ಎಂದೂ ಅವಳು ನನಗೆ ಹೇಳಿರಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅತ್ತಿ ಬಾಳ ಓದ್ಯಾಳ, ತಿಳದ ಮಾಡಿರತಾಳ ಅಂದ್ಲು. ಹೇಳಬ್ಯಾಡ ಅಂತ ನನಗೂ ಆಣಿ ಹಾಕಿದ್ಲು."

ಈ ಮನೆಯಲ್ಲಿ ಹುಡುಗಿ ಯಾವಾಗ ಏಳುತ್ತಾಳೆ ಎಂಬ ಒಂದು ಪ್ರಶ್ನೆಯನ್ನು ನಾನು ಯಾರನ್ನೂ ಕೇಳಿರಲಿಲ್ಲ. ಆಟಕ್ಕೆ ಬೀಳದಂತೆ ಕಾಯಲು ಹೋಗಿ, ಎರಡೂವರೆ ತಿಂಗಳಲ್ಲಿ ಹದಿನೆಂಟು ದಿನ ತಿಂದುಹಾಕಿದ್ದೆ. ಯಾವ ಆಟಕ್ಕೂ ಇಷ್ಟು ಚೊಕ್ಕಟವಾಗಿ ಹಾಳು ಮಾಡಲು ಆಗುತ್ತಿರಲಿಲ್ಲ.

ಫೋನಿದೆಯೇ ಎಂದು ವೈನಿಯನ್ನು ಕೇಳಿದೆ. ಅವಳು ಸೆರಗಿನ ಗಂಟಿನಿಂದ ತೆಗೆದದ್ದು ಸ್ಮಾರ್ಟ್‌ಫೋನು. ಮೂಲೆ ಸೀಳಿತ್ತು, ನಡೆಯುತ್ತಿತ್ತು. ಮಹಿಳಾ ಸಂಘದ ಸುದ್ದಿಯೆಲ್ಲ ಅದರಲ್ಲೇ ಬರುತ್ತದಂತೆ. ಬರೆಯುವ ಬದಲು ಬಾಯಿಂದ ಹೇಳಿ ಸಂದೇಶ ಕಳಿಸುವುದು ಅವಳಿಗೆ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ನನ್ನ ಫೋನಿನಿಂದ ಅವಳ ಖಾತೆಯನ್ನು ಆ್ಯಪ್‌ನ ಕುಟುಂಬದ ಗುಂಪಿಗೆ ಕರೆದು, ಅವಳನ್ನೂ ಪೋಷಕಿಯನ್ನಾಗಿ ಮಾಡಿದೆ. ಹೇಗೆ ಎಂದು ಒಂದು ಸಲ ತೋರಿಸಿದೆ. ಎರಡನೆಯ ಸಲ ತೋರಿಸಲು ಹೋದಾಗ ಕೈ ಸರಿಸಿದಳು.

ಬಂದ್ ಇರುವ ಹೊತ್ತನ್ನು ವೈನಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಐದರ ತನಕ ಎಂದು ಬದಲಿಸಿದಳು. ಹುಡುಗಿ ಸಾಲಿಯಿಂದ ಬಂದು ಎರಡೂ ವಿನಂತಿಗಳನ್ನು ಮತ್ತೆ ಕಳಿಸಿದಳು. ವೈನಿ ಒಮ್ಮೆಲೇ ಒಪ್ಪಲಿಲ್ಲ. ಪಠ್ಯಪುಸ್ತಕದ್ದನ್ನು ಹಾಕಿಸಿ, ಒಂದು ಪಾಠ ಹಚ್ಚು ಎಂದು ಹೇಳಿ, ಹತ್ತು ನಿಮಿಷ ಬಾಜೂ ಕೂತು ಪೂರ್ತಿ ಕೇಳಿದಳು. ಭಿನ್ನರಾಶಿಯ ಪಾಠ. ಮುಗಿದ ಮೇಲೆ, ಇರಲಿ, ನನಗೂ ತಿಳಿಯಿತು ಎಂದಳು. ನೆಟ್‌ವರ್ಕ್ ಬಂದಾಗ ಪಾಠ ಇಳಿಸಿಟ್ಟುಕೊಂಡರೆ ಬೆಳಿಗ್ಗೆ ನೆಟ್ ಇಲ್ಲದೆಯೂ ನಡೆಯುತ್ತದೆ ಎಂದು ಹುಡುಗಿಯೇ ಕಂಡುಕೊಂಡಳು. ಎರಡನೆಯದರಲ್ಲಿ ನಡುವೆ ಜಾಹೀರಾತು ಬಂತು. ವೈನಿ ಹುಬ್ಬು ಗಂಟು ಹಾಕಿ, ಇದಕ್ಕೆ ಅರ್ಧ ತಾಸು ಮಾತ್ರ ಎಂದು ಮಿತಿ ಇಟ್ಟಳು. ಆಮೇಲೆ ನನ್ನ ಗ್ರಹಗಳನ್ನು ಏನು ಮಾಡಲಿ ಎಂದು ನನ್ನ ಮುಖ ನೋಡಿದಳು. ನಾನೇ ತೆಗೆದುಹಾಕಿದೆ.

ವರದಿ ನನ್ನ ಫೋನಿಗೂ ಬರುತ್ತಿತ್ತು. ಒಂದು ತಾಸು ನಲವತ್ತು ನಿಮಿಷ, ಒಂದು ತಾಸು ಐವತ್ತು. ಹುಡುಗಿ ಒಮ್ಮೆ ಬಿಡಿಸಲಾಗದ ಲೆಕ್ಕದ ಫೋಟೋ ಕಳಿಸಿದಳು. ಕಚೇರಿಯಲ್ಲಿ ಮೂವರು ಸೇರಿ ಕೂತರೂ ಆಗಲಿಲ್ಲ. ಮೊದಲಾಗಿದ್ದರೆ ಕೆಲಸ ಇದೆ, ಆಮೇಲೆ ಹೇಳುತ್ತೇನೆ ಎನ್ನುತ್ತಿದ್ದೆ. ಈ ಸಲ, ನನಗ ಬರೂದಿಲ್ಲವಾ, ಮಾಸ್ತರನ್ನ ಕೇಳು ಎಂದೆ. ಅವಳು ಖುಷಿಯಿಂದ ನಕ್ಕಳು, ಅದು ನನಗೆ ಸ್ವಲ್ಪ ನಾಟಿತು.

ಸೀಟು ಸಿಕ್ಕಿತು. ಮೊದಲ ಪಟ್ಟಿಯಲ್ಲಿ ಅಲ್ಲ, ಎರಡನೆಯದರಲ್ಲಿ. ನನ್ನ ಮನೆತನದ ಪದ್ಧತಿಗೆ ಅದೇ ಬೇಗ.

ಸುದ್ದಿಯನ್ನು ಕಚೇರಿಯ ತುಂಬ ಹಂಚಿದೆ. ಟ್ಯಾಬ್ ಆರಿಸಿದ್ದು ನಾನೇ ಎಂಬ ಹಾಗೆ ಕೇಳುವಂತೆ ಹೇಳಿದೆ ಎಂದು ಒಪ್ಪಿಕೊಳ್ಳುತ್ತೇನೆ. ಅದರ ಫಲವಾಗಿ ಇಬ್ಬರು ಸಹೋದ್ಯೋಗಿಗಳು ತಮ್ಮ ಮಕ್ಕಳಿಗೂ ಆರಿಸಿಕೊಡಿ ಎಂದು ಬೆನ್ನು ಹತ್ತಿದರು. ಎರಡು ದಿನ ತಪ್ಪಿಸಿಕೊಂಡು, ಮೂರನೆಯ ದಿನ ಒಬ್ಬರಿಗೆ ವೈನಿಯ ನಂಬರು ಹಚ್ಚಿ ಫೋನು ಕೈಗೆ ಕೊಟ್ಟೆ. ಅವರು ಪರದೆ ಎಷ್ಟು ಇಂಚಿನದು, ಯಾವ ಕಂಪನಿಯದು ಎಂದು ಶುರು ಮಾಡಿದರು. ವೈನಿಯ ದನಿ ನನಗೂ ಕೇಳುತ್ತಿತ್ತು.

"ಅದು ಇರಲಿ ಬಿಡ್ರಿ. ಮೊದಲ ಹೇಳ್ರಿ, ನಿಮ್ಮ ಮಗಾ ಎಷ್ಟಕ್ಕ ಏಳತಾನ?"

ಅವರು ಫೋನು ಹಿಡಿದುಕೊಂಡೇ ನನ್ನ ಮುಖ ನೋಡಿದರು. ಅವರಿಗೂ ಗೊತ್ತಿರಲಿಲ್ಲ.